8×8 ಪ್ಯಾಚ್‌ಗೆ ಪಿಸಿಎ ಹಾಕಿದ್ರೆ ಡಿಸಿಟಿಗಿಂತ ಕಡಿಮೆ ಪಿಎಸ್‌ಎನ್‌ಆರ್ ಬರ್ತಿದೆ, ಇದು ಹೇಗೆ ಸಾಧ್ಯ?

ಪ್ಯಾಚ್‌ಪ್ರಿಯ
ಎಲ್ಲ ಪುಸ್ತಕದಲ್ಲೂ ಒಂದೇ ಮಾತು: ಕಡಿಮೆ ಗುಣಾಂಕಗಳಲ್ಲಿ ಅತಿ ಹೆಚ್ಚು ಎನರ್ಜಿ ತುಂಬೋದು ಪಿಸಿಎ, ಅಂದ್ರೆ ಕೆಎಲ್‌ಟಿ. ಡಿಸಿಟಿ ಅದರ ಹತ್ತಿರ ಬರುತ್ತೆ ಅಷ್ಟೆ, ದಾಟೋಕೆ ಆಗಲ್ಲ. ಸರಿ ಅಂತ ನಾನೂ ಮಾಡಿ ನೋಡಿದೆ. 512×512 ಗ್ರೇ ಫೋಟೋ ಒಂದನ್ನ 8×8 ಪ್ಯಾಚ್‌ಗಳಾಗಿ ಕತ್ತರಿಸಿದೆ, 4096 ಪ್ಯಾಚ್ ಆಯ್ತು. ಅದೇ ಪ್ಯಾಚ್‌ಗಳಿಂದ ಪಿಸಿಎ ಬೇಸಿಸ್ ತೆಗೆದೆ. ಎರಡರಲ್ಲೂ 64ರಲ್ಲಿ 10 ಗುಣಾಂಕ ಇಟ್ಕೊಂಡು ಚಿತ್ರ ಮತ್ತೆ ಕಟ್ಟಿದೆ. ಡಿಸಿಟಿಯೇ ಗೆದ್ದಿದೆ, ಅದೂ ಎದ್ದು ಕಾಣೋ ಹಾಗೆ. ತರಬೇತಿ ಕೊಟ್ಟ ಚಿತ್ರದ ಮೇಲೇ ಪಿಸಿಎ ಸೋಲೋದು ಅಂದ್ರೆ ಎಲ್ಲೋ ತಪ್ಪಿದೆ.

ಇನ್ನೊಂದು ವಿಚಿತ್ರ. ಆಕಾಶದ ಭಾಗ ಬರೀ ಒಂದೇ ಬಣ್ಣ. ಅಲ್ಲಿ ಪಿಸಿಎ ಚಿತ್ರದಲ್ಲಿ ಪ್ರತಿ ಬ್ಲಾಕ್‌ನ ಮಧ್ಯೆ ಒಂದು ಸಣ್ಣ ಉಬ್ಬು ಕಾಣುತ್ತೆ, ದಿಂಬು ಜೋಡಿಸಿಟ್ಟ ಹಾಗೆ. ಡಿಸಿಟಿಯಲ್ಲಿ ಅದಿಲ್ಲ. ಎರಡಕ್ಕೂ ಕಾರಣ ಒಂದೇನಾ?

ಸಿಗ್ಮಾ_ಎರಡು
ಉತ್ತರ ಸುಲಭ. ಪಿಸಿಎ ಗೆಲ್ಲಬೇಕಾದ್ರೆ ಡೇಟಾ ಗಾಸಿಯನ್ ಆಗಿರಬೇಕು. ಫೋಟೋ ಪ್ಯಾಚ್‌ಗಳು ಗಾಸಿಯನ್ ಅಲ್ಲ, ಅಂಚುಗಳಿರುತ್ತೆ, ಬಾಲ ಉದ್ದ ಇರುತ್ತೆ. ಆದ್ದರಿಂದ ಆ ಪ್ರಮೇಯ ನಿಮ್ಮ ಚಿತ್ರಕ್ಕೆ ಅನ್ವಯ ಆಗಲ್ಲ.

ಹಳೇ_ಕೋಡೆಕ್
ಸಿಗ್ಮಾ ಅವರೇ, ಆ ಪ್ರಮೇಯಕ್ಕೆ ಗಾಸಿಯನ್ ಬೇಕಾಗಿಲ್ಲ. ಮೊದಲ k ಗುಣಾಂಕ ಇಟ್ಕೊಂಡು ಉಳಿದದ್ದನ್ನ ಬಿಸಾಕಿದ್ರೆ ಬರೋ ಸರಾಸರಿ ವರ್ಗದೋಷ ಕೋವೇರಿಯನ್ಸ್ ಒಂದರ ಮೇಲೇ ನಿಂತಿದೆ. ವಿತರಣೆ ಯಾವುದೇ ಇರಲಿ, ಆ ದೋಷವನ್ನ ಅತಿ ಕಡಿಮೆ ಮಾಡೋದು ಐಗನ್ ವೆಕ್ಟರ್‌ಗಳೇ. ಗಾಸಿಯನ್ ಬೇಕಾಗೋದು ಗುಣಾಂಕಗಳು ಸ್ವತಂತ್ರ ಅಂತ ಹೇಳೋಕೆ. ಪಿಸಿಎ ಪರಸ್ಪರ ಸಂಬಂಧವನ್ನಷ್ಟೇ ಕಳೆಯುತ್ತೆ, ಅವಲಂಬನೆಯನ್ನ ಕಳೆಯಲ್ಲ.

ಪ್ಯಾಚ್‌ಪ್ರಿಯ, ಅದೇ ಚಿತ್ರದ ಮೇಲೆ, ಅದೇ k ಇಟ್ಟು, ಪಿಸಿಎ ಸೋಲೋ ಹಾಗೇ ಇಲ್ಲ. ಕೋಡ್ ಹಾಕಿ. ಆ 10 ಗುಣಾಂಕ ಯಾವ ಥರ ಆರಿಸಿದ್ರಿ ಅನ್ನೋದೇ ನನಗೆ ಬೇಕಿರೋದು.

ಪ್ಯಾಚ್‌ಪ್ರಿಯ
ಇಲ್ಲಿದೆ. `blocks` ಆಕಾರ (4096, 8, 8).

```python
P = blocks.reshape(-1, 64).astype(float)
m = P.mean(axis=0)
w, V = np.linalg.eigh((P - m).T @ (P - m) / len(P))
V = V[:, ::-1]
R = (P - m) @ V[:, :10] @ V[:, :10].T + m

C = dctn(blocks.astype(float), axes=(1, 2), norm='ortho').reshape(-1, 64)
t = np.sort(np.abs(C), axis=1)[:, -10]
C[np.abs(C) < t[:, None]] = 0
```

ತಿರುಗಿಸಿದ_ಸಾಲು
`V[:, ::-1]` ನೋಡಿ ಸಮಾಧಾನ ಆಯ್ತು. `eigh` ಐಗನ್ ಮೌಲ್ಯಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಕೊಡುತ್ತೆ, ಇದನ್ನ ಮರೆತು ಕೆಲಸಕ್ಕೆ ಬಾರದ 10 ವೆಕ್ಟರ್ ಇಟ್ಕೊಳ್ಳೋರೇ ಜಾಸ್ತಿ. `norm='ortho'` ಕೂಡ ಇದೆ. ಅದಿಲ್ಲದೆ ಎನರ್ಜಿ ಹೋಲಿಕೆಗೆ ಅರ್ಥವೇ ಇರಲ್ಲ.

ಹಳೇ_ಕೋಡೆಕ್
ಕಡೇ ಎರಡು ಸಾಲಲ್ಲಿದೆ ವಿಷಯ. ಪಿಸಿಎಗೆ ಎಲ್ಲ ಪ್ಯಾಚ್‌ಗೂ ಅವೇ ಮೊದಲ 10 ವೆಕ್ಟರ್. ಡಿಸಿಟಿಗೆ ಮಾತ್ರ ಪ್ರತಿ ಪ್ಯಾಚ್‌ನಲ್ಲೂ ಅದರದೇ ಅತಿ ದೊಡ್ಡ 10 ಗುಣಾಂಕ ಹೆಕ್ಕಿದ್ದೀರಿ. ಒಬ್ಬನಿಗೆ ಕೊಟ್ಟ ಸ್ವಾತಂತ್ರ್ಯ ಇನ್ನೊಬ್ಬನಿಗೆ ಕೊಟ್ಟಿಲ್ಲ. ಪ್ರಮೇಯ ಮಾತಾಡೋದು ಸ್ಥಿರವಾದ k ಜಾಗಗಳ ಬಗ್ಗೆ. ಪ್ಯಾಚ್‌ನಿಂದ ಪ್ಯಾಚ್‌ಗೆ ಜಾಗ ಬದಲಾದ್ರೆ ಅದು ಬೇರೆಯೇ ಆಟ, ಅಲ್ಲಿ ಪಿಸಿಎ ಗೆದ್ದೇ ಗೆಲ್ಲುತ್ತೆ ಅಂತ ಯಾರೂ ಸಾಧಿಸಿಲ್ಲ.

ಆ ಸ್ವಾತಂತ್ರ್ಯ ಪುಕ್ಕಟೆ ಅಲ್ಲ. 64ರಲ್ಲಿ ಯಾವ 10 ಅಂತ ಬಿಚ್ಚೋ ಕಡೆಗೂ ತಿಳಿಸಬೇಕಲ್ಲ? 64ರಲ್ಲಿ 10 ಆರಿಸೋ ವಿಧಾನಗಳು ಸುಮಾರು 1.5×10¹¹, ಎಲ್ಲಾ ಆಯ್ಕೆಗೂ ಒಂದೇ ಉದ್ದದ ಸಂಕೇತ ಕೊಟ್ರೆ 37ಕ್ಕಿಂತ ಸ್ವಲ್ಪ ಜಾಸ್ತಿ ಬಿಟ್. 64 ಪಿಕ್ಸೆಲ್‌ಗೆ ಹಂಚಿದ್ರೆ ಪಿಕ್ಸೆಲ್‌ಗೆ ಸುಮಾರು 0.58 ಬಿಟ್ ಬರೀ ಜಾಗ ಹೇಳೋಕೇ ಹೋಯ್ತು, ಗುಣಾಂಕದ ಬೆಲೆ ಇನ್ನೂ ಬರೆದೇ ಇಲ್ಲ. ನಿಮ್ಮ ಪಿಎಸ್‌ಎನ್‌ಆರ್ ಲೆಕ್ಕದಲ್ಲಿ ಈ ಖರ್ಚು ಕಾಣಲ್ಲ.

ಡಿಸಿಟಿಯಲ್ಲೂ ಇಡೀ ಚಿತ್ರದ ಮೇಲೆ ಸರಾಸರಿ ಎನರ್ಜಿ ನೋಡಿ ದೊಡ್ಡ 10 ಜಾಗ ಗುರುತು ಮಾಡಿ, ಎಲ್ಲ ಪ್ಯಾಚ್‌ಗೂ ಅವನ್ನೇ ಇಡಿ. ಒಂದು ಸಣ್ಣ ಎಚ್ಚರಿಕೆ: ಪಿಸಿಎಯಲ್ಲಿ `m` ಕಳೆದಿದ್ದೀರಿ, ಡಿಸಿಟಿಯಲ್ಲೂ ಅದನ್ನೇ ಕಳೆದು ಕೊನೆಗೆ ಕೂಡಿಸಿ.

ಸಿಗ್ಮಾ_ಎರಡು
ಗಾಸಿಯನ್ ವಿಷಯದಲ್ಲಿ ನಾನು ಹೇಳಿದ್ದು ಆ ಪ್ರಮೇಯಕ್ಕೆ ಹೊಂದಲ್ಲ, ಒಪ್ಪಿದೆ. ಆದ್ರೆ ಪೂರ್ತಿ ಬಿಟ್ಟುಕೊಡಲ್ಲ. ಜೆಪೆಗ್ ಮಾಡೋದೂ ಇದನ್ನೇ ಅಲ್ವಾ? ಕ್ವಾಂಟೈಸ್ ಆದ್ಮೇಲೆ ಯಾವುದು ಸೊನ್ನೆ ಆಗುತ್ತೆ ಅನ್ನೋದು ಬ್ಲಾಕ್‌ನಿಂದ ಬ್ಲಾಕ್‌ಗೆ ಬೇರೆ. ಅಲ್ಲಿ ಗುಣಾಂಕಗಳ ಬಾಲ ಎಷ್ಟು ಉದ್ದ ಅನ್ನೋದು ಮುಖ್ಯ ಆಗುತ್ತೆ, ಬರೀ ಕೋವೇರಿಯನ್ಸ್ ಸಾಲಲ್ಲ.

ಹಳೇ_ಕೋಡೆಕ್
ಈ ಮಾತು ಸರಿ. ಜೆಪೆಗ್‌ನಲ್ಲಿ ಆ ಜಾಗದ ಖರ್ಚು ಸೊನ್ನೆಗಳ ಓಟದ ಉದ್ದವಾಗಿ, ಹಫ್‌ಮನ್ ಸಂಕೇತದ ಒಳಗೆ ಸೇರ್ಕೊಂಡಿರುತ್ತೆ. ಜಿಗ್‌ಜ್ಯಾಗ್ ಕ್ರಮದಿಂದ ಸೊನ್ನೆಗಳು ಕೊನೆಗೆ ಗುಂಪಾಗೋದ್ರಿಂದ 37 ಬಿಟ್‌ಗಿಂತ ತುಂಬಾ ಕಮ್ಮಿಗೆ ಮುಗಿಯುತ್ತೆ. ಅಂಥ ಜಾಗದಲ್ಲಿ ಯಾವ ಬೇಸಿಸ್ ಒಳ್ಳೇದು ಅನ್ನೋದನ್ನ ಐಗನ್ ಮೌಲ್ಯಗಳು ನಿರ್ಧರಿಸಲ್ಲ.

ಪ್ಯಾಚ್‌ಪ್ರಿಯ
ಸರಿ ಮಾಡಿದೆ. ಈಗ ಪಿಸಿಎ ಮುಂದಿದೆ. ಆದ್ರೆ ಅಂತರ ಎಷ್ಟು ಸಣ್ಣದು ಅಂದ್ರೆ ಎರಡು ಗೆರೆ ಗ್ರಾಫ್‌ನಲ್ಲಿ ಒಂದರ ಮೇಲೊಂದು ಕೂತಿವೆ. ಚಿತ್ರವನ್ನೇ ನೋಡಿ ಕಲಿತ ಬೇಸಿಸ್, ಚಿತ್ರ ನೋಡದೇ ಇರೋ ಕೊಸೈನ್‌ಗಿಂತ ಇಷ್ಟೇನಾ ಮೇಲು? ಅಂದಹಾಗೆ ಆಕಾಶದ ಉಬ್ಬು ಹಾಗೇ ಇದೆ.

ಮೂರು_ಪಿಕ್ಸೆಲ್
ಎರಡಕ್ಕೂ ಕಾರಣ ಮೂರೇ ಪಿಕ್ಸೆಲ್ ತಗೊಂಡ್ರೆ ಕೈಯಲ್ಲೇ ಕಾಣುತ್ತೆ. ಪಕ್ಕಪಕ್ಕದ ಪಿಕ್ಸೆಲ್ ಸಂಬಂಧ ρ = 0.95, ಒಂದು ಬಿಟ್ಟು ಒಂದಕ್ಕೆ ρ² = 0.9025, ಪ್ರತಿ ಪಿಕ್ಸೆಲ್ ವೇರಿಯನ್ಸ್ 1 ಅಂತ ಇಟ್ಕೊಳ್ಳಿ. ಒಟ್ಟು ಎನರ್ಜಿ 3.

ಪಿಕ್ಸೆಲ್‌ಗಳ ಕ್ರಮವನ್ನ ಎಡಬಲ ತಿರುಗಿಸಿದ್ರೂ ಈ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಹಾಗೇ ಇರುತ್ತೆ. ಹಾಗಾಗಿ ಐಗನ್ ವೆಕ್ಟರ್‌ಗಳು ಒಂದೋ ಸಮ, ಇಲ್ಲಾ ವಿಷಮ. ವಿಷಮ ಅಂತ ಇರೋದು ಒಂದೇ, (1, 0, −1)/√2. ಡಿಸಿಟಿಯ ಎರಡನೇ ವೆಕ್ಟರ್ರೂ ಇದೇ. ಅದರ ಎನರ್ಜಿ 1 − ρ² = 0.0975, ಎರಡರಲ್ಲೂ. ಅಲ್ಲಿಗೆ ಮೂರರಲ್ಲಿ ಒಂದು ವೆಕ್ಟರ್ ಚಿತ್ರ ನೋಡೋಕೆ ಮುಂಚೆಯೇ ಒಂದೇ ಆಗೋಯ್ತು.

ಉಳಿದ ಎರಡು ಸಮ ವೆಕ್ಟರ್. ಡಿಸಿಟಿಯಲ್ಲಿ ಮೊದಲನೆಯದು ಸಪಾಟು, (0.577, 0.577, 0.577), ಎನರ್ಜಿ 2.86833. ಕೆಎಲ್‌ಟಿಯಲ್ಲಿ ಲೆಕ್ಕ ಹಾಕಿದ್ರೆ (0.574, 0.584, 0.574), ಎನರ್ಜಿ 2.86851. ವ್ಯತ್ಯಾಸ ಬರೀ 0.00018. ಕೊನೆಯದರಲ್ಲಿ ಡಿಸಿಟಿಗೆ 0.03417, ಕೆಎಲ್‌ಟಿಗೆ 0.03399. ಎರಡೇ ಪಿಕ್ಸೆಲ್ ಆಗಿದ್ರೆ ಈ ವ್ಯತ್ಯಾಸವೂ ಇರ್ತಿರಲಿಲ್ಲ. ಮೊತ್ತ ಮತ್ತು ವ್ಯತ್ಯಾಸ, ρ ಎಷ್ಟೇ ಇರಲಿ ಅವೇ ಎರಡು ವೆಕ್ಟರ್.

ಈಗ ಆ 0.584 ಗಮನಿಸಿ. ಮಧ್ಯದ ಪಿಕ್ಸೆಲ್‌ಗೆ ಎರಡೂ ಕಡೆ ಹತ್ತಿರದ ನೆಂಟರಿದ್ದಾರೆ, ಅಂಚಿನದಕ್ಕೆ ಒಂದೇ ಕಡೆ. ಆದ್ದರಿಂದ ಮೊದಲ ಐಗನ್ ವೆಕ್ಟರ್ ಮಧ್ಯಕ್ಕೆ ಸ್ವಲ್ಪ ಹೆಚ್ಚು ತೂಕ ಕೊಡುತ್ತೆ. (100, 100, 100) ಅನ್ನೋ ಸಪಾಟು ತುಂಡನ್ನ ಅದರ ಮೇಲೆ ಹಾಕಿದ್ರೆ ಗುಣಾಂಕ 173.2. ಆ ಒಂದೇ ಗುಣಾಂಕದಿಂದ ವಾಪಸ್ ಕಟ್ಟಿದ್ರೆ (99.4, 101.1, 99.4). ಇದೇ ನಿಮ್ಮ ದಿಂಬು! 8×8ರಲ್ಲಿ ಇದೇ ಉಬ್ಬು ಅಡ್ಡಕ್ಕೂ ಉದ್ದಕ್ಕೂ ಬರುತ್ತೆ. ಸಪಾಟು ಬ್ಲಾಕ್‌ನ ಎನರ್ಜಿ ಮೇಲಿನ ಸಮ ವೆಕ್ಟರ್‌ಗಳಿಗೂ ಸೋರಿರುತ್ತೆ, ಅವನ್ನ ನೀವು 10ರಾಚೆಗೆ ಕತ್ತರಿಸಿದ್ದೀರಿ. ಡಿಸಿಟಿಯಲ್ಲಿ ಸಪಾಟು ಬ್ಲಾಕ್ ಒಂದೇ ಗುಣಾಂಕದಲ್ಲಿ ಮುಗಿಯುತ್ತೆ, ಸೋರೋಕೆ ಏನೂ ಉಳಿಯಲ್ಲ.

ಸರಾಸರಿ ದೋಷದಲ್ಲಿ ಕೆಎಲ್‌ಟಿ ಗೆದ್ದೇ ಇದೆ. ಆದ್ರೆ ಆ ಸಣ್ಣ ದೋಷ ಪ್ರತಿ ಬ್ಲಾಕ್‌ನಲ್ಲೂ ಒಂದೇ ಆಕಾರದಲ್ಲಿ ಬರೋದ್ರಿಂದ ಕಣ್ಣಿಗೆ ಹೊಡೆಯುತ್ತೆ.

ತಿರುಗಿಸಿದ_ಸಾಲು
ಇದನ್ನ ಚೆನ್ನಾಗಿ ಬಿಡಿಸಿದ್ರಿ. ಎಂಟು ಪಿಕ್ಸೆಲ್‌ಗೆ ಎಷ್ಟು ಬರುತ್ತೆ?

ಮೂರು_ಪಿಕ್ಸೆಲ್
ρ = 0.95, ಉದ್ದ 8 ಅಂದ್ರೆ ಕೋಡಿಂಗ್ ಗೇನ್ ಕೆಎಲ್‌ಟಿಗೆ 8.85 ಡಿಬಿ, ಡಿಸಿಟಿಗೆ 8.83. ಕಾರಣ ಕೋವೇರಿಯನ್ಸ್‌ನ ವಿಲೋಮದಲ್ಲಿದೆ. ಈ ಮಾದರಿಯಲ್ಲಿ ವಿಲೋಮ ಮ್ಯಾಟ್ರಿಕ್ಸ್‌ಗೆ ಮೂರೇ ಕರ್ಣ. ಹೊರಗಿನ ಗುಣಕ ಬಿಟ್ರೆ ನಡುವೆ 1 + ρ², ಪಕ್ಕದಲ್ಲಿ −ρ, ಎರಡು ಮೂಲೆಯಲ್ಲಿ 1. ಮೂಲೆಯಲ್ಲಿ 1 + ρ² − ρ ಇದ್ದಿದ್ರೆ ಡಿಸಿಟಿಯೇ ಕರಾರುವಾಕ್ಕಾಗಿ ಐಗನ್ ವೆಕ್ಟರ್. 0.95ಕ್ಕೆ ಅದು 0.9525. ಎರಡು ಮೂಲೆಯಲ್ಲಿ 0.0475 ವ್ಯತ್ಯಾಸ, ಬಾಕಿ ಎಲ್ಲಾ ಒಂದೇ. ρ 1ರ ಹತ್ತಿರ ಹೋದ ಹಾಗೆ ಅದೂ ಇಲ್ಲವಾಗುತ್ತೆ.

ಬ್ಯಾಂಡ್_ವಾಲಾ
ಡಿಸಿಟಿಗೂ ಪಿಸಿಎಗೂ ಇಷ್ಟೇ ವ್ಯತ್ಯಾಸ ಅನ್ನೋದನ್ನ ಒಪ್ಪೋಕಾಗಲ್ಲ. ಉಪಗ್ರಹ ಚಿತ್ರದ ಬ್ಯಾಂಡ್‌ಗಳಿಗೆ ಪಿಸಿಎ ಹಾಕಿದ್ರೆ ಮೊದಲ ಕೆಲವು ಘಟಕಗಳಲ್ಲೇ ಬಹುತೇಕ ಎಲ್ಲಾ ಬರುತ್ತೆ, ಡಿಸಿಟಿ ಅಲ್ಲಿ ಹತ್ತಿರಕ್ಕೂ ಬರಲ್ಲ.

ಮೂರು_ಪಿಕ್ಸೆಲ್
ನೀವು ಹೇಳೋದು ಬ್ಯಾಂಡ್ ದಿಕ್ಕಿನ ಪಿಸಿಎ, ಇಲ್ಲಿ ಮಾತು ಪಿಕ್ಸೆಲ್ ದಿಕ್ಕಿನದು. ಪಿಕ್ಸೆಲ್ ಜಾಲದಲ್ಲಿ ಸಂಬಂಧ ದೂರದ ಮೇಲೆ ನಿಂತಿದೆ, ಎಲ್ಲಿಂದ ಶುರು ಮಾಡಿದ್ರೂ ಸರಿಸುಮಾರು ಅದೇ. ಕೊಸೈನ್ ಹುಟ್ಟೋದು ಆ ಗುಣದಿಂದ. ಬ್ಯಾಂಡ್‌ಗಳಲ್ಲಿ ಅದಿಲ್ಲ. ಕೆಂಪು ಮತ್ತು ಸಮೀಪದ ಅವಕೆಂಪು ಪಕ್ಕಪಕ್ಕದಲ್ಲಿದ್ರೂ ಹಸಿರು ಗಿಡದ ಮೇಲೆ ಒಂದು ಕತ್ತಲು, ಇನ್ನೊಂದು ಬೆಳಕು. ಅಲ್ಲಿ ಪಿಸಿಎ ಗೆಲ್ಲಲೇಬೇಕು.

ಪ್ಯಾಚ್‌ಪ್ರಿಯ
ಉಬ್ಬು ಹೋಗಿಸೋದು ಹೇಗೆ?

ತಿರುಗಿಸಿದ_ಸಾಲು
ಸರಾಸರಿ ಕಳೆದ್ರೆ ಆಯ್ತು. ಅದನ್ನ ಈಗಾಗ್ಲೇ `m` ಕಳೆದು ಮಾಡಿದ್ದಾರಲ್ಲ?

ಹಳೇ_ಕೋಡೆಕ್
ಇಲ್ಲ, ಎರಡು ಸರಾಸರಿ ಬೇರೆ ಬೇರೆ. `P.mean(axis=0)` 4096 ಪ್ಯಾಚ್‌ಗಳ ಮೇಲೆ ತೆಗೆದ ಒಂದು 8×8 ಚಿತ್ರ, ಎಲ್ಲ ಪ್ಯಾಚ್‌ಗೂ ಅದೇ. ಬೇಕಿರೋದು ಪ್ರತಿ ಪ್ಯಾಚ್‌ನ 64 ಪಿಕ್ಸೆಲ್‌ಗಳ ಸರಾಸರಿ, `P.mean(axis=1, keepdims=True)`. ಅದನ್ನ ಒಂದು ಗುಣಾಂಕವಾಗಿ ಬೇರೆ ಇಟ್ಟು, ಉಳಿದದ್ದಕ್ಕೆ ಪಿಸಿಎ ಮಾಡಿ 9 ವೆಕ್ಟರ್ ಇಡಿ. ಸರಿಯಾಯ್ತಾ ಅಂತ ನೋಡೋಕೆ: ಕೊನೆಯ ಐಗನ್ ಮೌಲ್ಯ ಸೊನ್ನೆಯಾಗಿರಬೇಕು, ಅದರ ವೆಕ್ಟರ್ ಸಪಾಟಾಗಿರಬೇಕು. ಮೂರು ಪಿಕ್ಸೆಲ್ ಉದಾಹರಣೆಯಲ್ಲಿ ಹೀಗೆ ಮಾಡಿದ್ರೆ ಉಳಿಯೋದು (1, 0, −1) ಮತ್ತು (1, −2, 1), ಅಂದ್ರೆ ಡಿಸಿಟಿಯೇ. ಕಳ್ಕೊಳ್ಳೋದು ಆ 0.00018.

ಪ್ಯಾಚ್‌ಪ್ರಿಯ
ಉಬ್ಬು ಹೋಯ್ತು. ಆಕಾಶ ಸಪಾಟಾಯ್ತು, ಪಿಎಸ್‌ಎನ್‌ಆರ್ ಇಳಿದದ್ದು ಕಾಣಿಸೋದೇ ಇಲ್ಲ. ಈಗ ವೆಕ್ಟರ್‌ಗಳನ್ನ ಚಿತ್ರ ಮಾಡಿ ನೋಡ್ತಿದೀನಿ. ಮೊದಲ ಎರಡು ಅಡ್ಡ ಇಳಿಜಾರು, ಉದ್ದ ಇಳಿಜಾರು ಇರಬೇಕಿತ್ತು. ಬದಲಿಗೆ ಎರಡೂ ಓರೆ, ಮೂಲೆಯಿಂದ ಮೂಲೆಗೆ. ಇದು ಕೊಸೈನ್ ಅಲ್ವಲ್ಲ?

ಮೂರು_ಪಿಕ್ಸೆಲ್
ಅವುಗಳ ಐಗನ್ ಮೌಲ್ಯ ಹತ್ತಿರಹತ್ತಿರ ಇದ್ಯಾ? ಅಡ್ಡ ಮತ್ತು ಉದ್ದ ಇಳಿಜಾರಿನ ಎನರ್ಜಿ ಸಮ ಇದ್ರೆ ಆ ಎರಡರ ಸಮತಲದಲ್ಲಿ ಯಾವ ದಿಕ್ಕಿನ ಜೋಡಿಯಾದ್ರೂ ಐಗನ್ ವೆಕ್ಟರ್ರೇ. ಪ್ಯಾಚ್‌ಗಳ ಸಣ್ಣ ಗದ್ದಲ ಯಾವ ಕಡೆ ತಳ್ಳುತ್ತೋ ಆ ಕಡೆ ತಿರುಗಿ ನಿಲ್ಲುತ್ತೆ. ಒಂದೊಂದೇ ವೆಕ್ಟರ್ ಹೋಲಿಸಬೇಡಿ. ಡಿಸಿಟಿಯ ಅಡ್ಡ ಇಳಿಜಾರನ್ನ ನಿಮ್ಮ ಎರಡೂ ವೆಕ್ಟರ್ ಜೊತೆ ಗುಣಿಸಿ, ವರ್ಗ ಮಾಡಿ ಕೂಡಿಸಿ. 0.7, 0.7 ಬಂದ್ರೆ ಮೊತ್ತ 0.98. ಜಾಗ ಅದೇ, ಅಕ್ಷ ತಿರುಗಿದೆ ಅಷ್ಟೆ.

ಸಿಗ್ಮಾ_ಎರಡು
ಅಥವಾ ಚಿತ್ರದಲ್ಲೇ ಓರೆ ಅಂಚುಗಳು ಜಾಸ್ತಿ ಇರಬಹುದು. ಆಗ ಆ ತಿರುವು ಗದ್ದಲ ಅಲ್ಲ, ನಿಜವಾದ ಲಾಭ. ಡಿಸಿಟಿಗೆ ಅದು ಸಿಗೋದೇ ಇಲ್ಲ.

ಹಳೇ_ಕೋಡೆಕ್
ಸಿಗ್ಮಾ ಹೇಳಿದ್ದನ್ನ ಪರೀಕ್ಷಿಸಬಹುದು. ಪ್ಯಾಚ್‌ಗಳನ್ನ ಮನಬಂದಂತೆ ಎರಡು ಪಾಲು ಮಾಡಿ, ಎರಡಕ್ಕೂ ಬೇರೆ ಬೇರೆ ಪಿಸಿಎ. ಎರಡು ಪಾಲಲ್ಲಿ ವೆಕ್ಟರ್ ಬೇರೆ ಬೇರೆ ಕಡೆ ತಿರುಗಿದ್ರೆ ಗದ್ದಲ. ಎರಡರಲ್ಲೂ ಒಂದೇ ಓರೆ ಬಂದ್ರೆ ಚಿತ್ರದ ಗುಣ. ಗದ್ದಲ ಅಂತ ಗೊತ್ತಾದ್ರೆ ಪ್ರತಿ ಪ್ಯಾಚ್‌ನ ಎಡಬಲ ತಿರುಗಿಸಿದ ಪ್ರತಿಯನ್ನೂ ಸೇರಿಸಿ. ಆಗ ಅಡ್ಡ ಇಳಿಜಾರಿಗೂ ಉದ್ದ ಇಳಿಜಾರಿಗೂ ನಡುವಿನ ಸಂಬಂಧ ಸೊನ್ನೆಯಾಗುತ್ತೆ, ಎನರ್ಜಿ ಸ್ವಲ್ಪ ಬೇರೆ ಇದ್ರೂ ವೆಕ್ಟರ್‌ಗಳು ಬಿಡಿಸಿಕೊಳ್ಳುತ್ತವೆ. ಆದ್ರೆ ಓರೆ ನಿಜವಾಗಿದ್ರೆ ಹೀಗೆ ಮಾಡಬೇಡಿ, ಆ ಲಾಭವೇ ಅಳಿಸಿಹೋಗುತ್ತೆ.

ಓರೆ ವೆಕ್ಟರ್‌ಗೆ ಬೆಲೆಯೂ ಇದೆ. ಅದನ್ನ ಸಾಲು, ಕಂಬ ಅಂತ ಬಿಡಿಸೋಕಾಗಲ್ಲ. 64×64 ಮ್ಯಾಟ್ರಿಕ್ಸ್ ಪೂರ್ತಿ ಗುಣಿಸಿದ್ರೆ ಬ್ಲಾಕ್‌ಗೆ 4096 ಗುಣಾಕಾರ. ಡಿಸಿಟಿ ಸಾಲಿಗೊಮ್ಮೆ ಕಂಬಕ್ಕೊಮ್ಮೆ ನೇರವಾಗಿ ಮಾಡಿದ್ರೂ 1024, 11 ಗುಣಾಕಾರದ 8 ಬಿಂದುಗಳ ವೇಗದ ವಿಧಾನ ಬಳಸಿದ್ರೆ 176.

ಸಿಗ್ಮಾ_ಎರಡು
ಗುಣಾಕಾರ ಈಗ ಅಗ್ಗ. ಪ್ರತಿ ಚಿತ್ರಕ್ಕೂ ಅದರದೇ ಬೇಸಿಸ್ ಕಳಿಸಿದ್ರೆ ಏನು ತೊಂದರೆ?

ಹಳೇ_ಕೋಡೆಕ್
4096 ಸಂಖ್ಯೆ, ಒಂದಕ್ಕೆ 16 ಬಿಟ್ ಅಂದ್ರೆ 8192 ಬೈಟ್. 512×512 ಚಿತ್ರಕ್ಕೆ ಅದು ಪಿಕ್ಸೆಲ್‌ಗೆ 0.25 ಬಿಟ್. ಆಮೇಲೆ ಗಳಿಸೋದು ಡಿಬಿಯ ನೂರನೇ ಒಂದೆರಡು ಭಾಗ. ಲೆಕ್ಕ ಹೊಂದಲ್ಲ.

ಸಿಗ್ಮಾ_ಎರಡು
64 ವೆಕ್ಟರ್ ಯಾಕೆ ಕಳಿಸಬೇಕು? ಇಟ್ಕೊಳ್ಳೋದು 10 ಆದ್ರೆ 640 ಸಂಖ್ಯೆ, 8 ಬಿಟ್‌ನಲ್ಲಿ 640 ಬೈಟ್, ಪಿಕ್ಸೆಲ್‌ಗೆ 0.02 ಬಿಟ್ ಕೂಡ ಆಗಲ್ಲ. ಆ ನೂರನೇ ಭಾಗದ ಲೆಕ್ಕವೂ ρ ಮಾದರಿಯದು, ಪಟ್ಟೆಪಟ್ಟೆ ಬಟ್ಟೆಯಂಥ ಚಿತ್ರದ್ದಲ್ಲ.

ತಿರುಗಿಸಿದ_ಸಾಲು
8 ಬಿಟ್‌ಗೆ ಇಳಿಸಿದ್ರೆ ವೆಕ್ಟರ್‌ಗಳು ಪರಸ್ಪರ ಲಂಬವಾಗಿ ಉಳಿಯಲ್ಲ, ಅದನ್ನೂ ಲೆಕ್ಕಕ್ಕೆ ತಗೋಬೇಕು.

ಮೂರು_ಪಿಕ್ಸೆಲ್
ಪಟ್ಟೆ ಬಟ್ಟೆ ಬಗ್ಗೆ ಸಿಗ್ಮಾ ಹೇಳಿದ್ದು ನ್ಯಾಯ. ಆದ್ರೆ ಕಳಿಸದೆಯೇ ಲಾಭ ತೆಗೆದಿರೋ ಜಾಗವೂ ಒಂದಿದೆ. ವಿಡಿಯೋದಲ್ಲಿ ಪಕ್ಕದ ಬ್ಲಾಕ್ ನೋಡಿ ಊಹೆ ಮಾಡಿ, ಊಹೆ ತಪ್ಪಿದ್ದನ್ನಷ್ಟೇ ಪರಿವರ್ತನೆಗೆ ಕೊಡ್ತಾರೆ. ಗೊತ್ತಿರೋ ಅಂಚಿನ ಪಕ್ಕ ತಪ್ಪು ಕಮ್ಮಿ, ದೂರ ಹೋದಷ್ಟೂ ಜಾಸ್ತಿ. ಅಂಥ ಕೋವೇರಿಯನ್ಸ್‌ಗೆ ಕೆಎಲ್‌ಟಿ ಸಪಾಟಿನಿಂದ ಶುರುವಾಗಲ್ಲ, ಅಂಚಿನಿಂದ ಏರುತ್ತಾ ಹೋಗೋ ಸೈನ್. 2013ರ ಎಚ್‌ಇವಿಸಿಯಲ್ಲಿ 4×4 ಇಂಟ್ರಾ ಲೂಮಾ ಬ್ಲಾಕ್‌ಗೆ ಡಿಸಿಟಿ ಬದಲು ಸೈನ್ ಪರಿವರ್ತನೆ ಬಂದದ್ದು ಇದಕ್ಕೇ. 2020ರ ವಿವಿಸಿಯಲ್ಲಿ ಇನ್ನೂ ಮುಂದೆ ಹೋಗಿ, ಮೊದಲೇ ಕಲಿಸಿಟ್ಟ, ಸಾಲು-ಕಂಬ ಬಿಡಿಸಲಾಗದ ಮ್ಯಾಟ್ರಿಕ್ಸ್‌ಗಳನ್ನ ಕಡಿಮೆ ಆವರ್ತನದ ಗುಣಾಂಕಗಳ ಮೇಲೆ ಎರಡನೇ ಸುತ್ತಿಗೆ ಹಾಕ್ತಾರೆ. ಅವು ಮಾನದಂಡದಲ್ಲೇ ಅಚ್ಚಾಗಿವೆ, ಚಿತ್ರದ ಜೊತೆ ಹೋಗೋದಿಲ್ಲ.

ಪ್ಯಾಚ್‌ಪ್ರಿಯ
ಎರಡು ಪಾಲಿನ ಪರೀಕ್ಷೆ ಮಾಡಿದೆ. ಮೊದಲ ಜೋಡಿ ಎರಡು ಪಾಲಲ್ಲಿ ಬೇರೆ ಬೇರೆ ಕಡೆ ತಿರುಗಿದೆ, ಅಲ್ಲಿಗೆ ಅದು ಗದ್ದಲ. ಆದ್ರೆ ಆರನೇದು, ಏಳನೇದು ಎರಡರಲ್ಲೂ ಒಂದೇ ಓರೆ. ಚಿತ್ರದಲ್ಲಿ ಇಳಿಜಾರಿನ ಮಾಡು ಇದೆ, ಅದರ ಹೆಂಚಿನ ಸಾಲುಗಳಿಂದ ಇರಬೇಕು.

ಸಿಗ್ಮಾ_ಎರಡು
ನೋಡಿದ್ರಾ! ಮಾಡಿನ ಪ್ಯಾಚ್‌ಗಳನ್ನಷ್ಟೇ ಬೇರೆ ಮಾಡಿ ಅವಕ್ಕೊಂದು ಬೇಸಿಸ್, ಉಳಿದದ್ದಕ್ಕೆ ಡಿಸಿಟಿ.

ಹಳೇ_ಕೋಡೆಕ್
ಮಾಡಿ ನೋಡಿ. ಆದ್ರೆ ಮಾಡಿನ ಪ್ಯಾಚ್ ಎಷ್ಟಿವೆ ಮೊದಲು ಎಣಿಸಿ. 63 ಆಯಾಮಕ್ಕೆ 200 ಪ್ಯಾಚ್ ಇಟ್ಕೊಂಡ್ರೆ ಪಿಸಿಎ ಆ 200ನ್ನೇ ಬಾಯಿಪಾಠ ಮಾಡುತ್ತೆ. ಅರ್ಧದ ಮೇಲೆ ಕಲಿಸಿ, ಉಳಿದರ್ಧದ ಮೇಲೆ ಅಳೆದ ಅಂತರವನ್ನ ಇಲ್ಲಿ ಹಾಕಿ.